ಮುಂಗಡದ 11,000 ಮತ್ತು ಮಹಾನವಮಿಯ ಕಾರು

"ಸಂಪಾದಕರಿಗೆ ನಮಸ್ಕಾರ. ಮಹಾನವಮಿಗೆ ಕಾರು ತರಬೇಕಂತ ಇಲ್ಲಿಯ ಶೋರೂಮಿನಾಗ 11,000 ರೂಪಾಯಿ ಕೊಟ್ಟು ಬುಕ್ ಮಾಡೀನಿ. ಆನ್-ರೋಡ್ 10,95,000 ಅಂದವರು 'ನಿಮಗಷ್ಟ ರೀ' ಅಂತ 10,60,000ಕ್ಕ ಇಳದಾರ. ಕೊಟೇಶನ್ ಪ್ರತಿ ಕಳಿಸೀನಿ. ಈಗ ಪೂರ್ತಿ ಕಟ್ಟದಿದ್ರ ಹಬ್ಬಕ್ಕ ಗಾಡಿ ಇಲ್ಲ ಅಂತಾರ. ನಮ್ಮ ಭಾವ ದುಬಾರಿ ಆತು ಅಂತಾನ. ಬಿಟ್ಟರ ಮುಂಗಡ ಹೋಗತೈತಿ. ಏನು ಮಾಡಲಿ?"
— ಒಬ್ಬ ಓದುಗ, ವಿಜಯಪುರ

ನಮಸ್ಕಾರ. ನಿಮ್ಮ ಭಾವ ಹೇಳಿದ್ದು ಸರಿ ಇದೆ. ಎಷ್ಟು ಸರಿ ಎಂಬುದು ನೀವು ಕಳಿಸಿದ ಕೊಟೇಶನ್ನಿನಲ್ಲೇ ಇದೆ.

ಅದರಲ್ಲಿ ಎಕ್ಸ್-ಶೋರೂಮ್ ಬೆಲೆ 8,50,000. ರಸ್ತೆ ತೆರಿಗೆ 1,32,000. ನೋಂದಣಿ, ಫಾಸ್ಟ್ಯಾಗ್ ಸೇರಿ 3,000. ಇಲ್ಲಿಗೆ 9,85,000 ಆಯಿತು. ಈ ತೆರಿಗೆ ವಿಜಯಪುರದಲ್ಲಿ ಕೊಂಡರೂ ಅಷ್ಟೇ, ಬೆಳಗಾವಿಯಲ್ಲಿ ಕೊಂಡರೂ ಅಷ್ಟೇ. ಅದರಲ್ಲಿ ಚೌಕಾಸಿ ಇಲ್ಲ. ಉಳಿದ 1,10,000 ಮಾತ್ರ ಬೇರೆ ಜಾತಿಯದು: ವಿಮೆ 54,000, ಆಕ್ಸೆಸರೀಸ್ 31,000, ಎಕ್ಸ್‌ಟೆಂಡೆಡ್ ವಾರಂಟಿ 17,000, ಹ್ಯಾಂಡ್ಲಿಂಗ್ ಚಾರ್ಜ್ 8,000. ವಿಮೆ ಕಡ್ಡಾಯ ನಿಜ, ಆದರೆ ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮ ಇಲ್ಲ. ಸೀಟ್ ಕವರ್, ಮ್ಯಾಟು, ವಾರಂಟಿ ನಿಮ್ಮ ಇಷ್ಟ. ಹ್ಯಾಂಡ್ಲಿಂಗ್ ಚಾರ್ಜ್ ಆರ್‌ಟಿಒ ಕಚೇರಿ ಕೇಳುವ ಹಣವಲ್ಲ, ಶೋರೂಮು ತಾನೇ ಬರೆದುಕೊಂಡದ್ದು.

ಐಡಿವಿ, ಅಂದರೆ ವಿಮೆಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ಅದೇ ಇಟ್ಟು, ಕ್ಲೇಮಿನಲ್ಲಿ ಬಿಡಿಭಾಗಗಳ ಸವಕಳಿ ಮುರಿದುಕೊಳ್ಳದ ಝೀರೋ ಡೆಪ್ ಕೂಡ ಅದೇ ಇಟ್ಟು ಹೊರಗಿನ ವಿಮಾ ಏಜೆಂಟರು 40,000 ಹೇಳಿದರು ಎಂದುಕೊಳ್ಳಿ. ಬೇಡದ್ದನ್ನೆಲ್ಲ ತೆಗೆದರೆ ಒಟ್ಟು 10,25,000. ಒಂದು ರೂಪಾಯಿ ರಿಯಾಯಿತಿ ಇಲ್ಲದೆಯೂ ಇದು 'ನಿಮಗಷ್ಟ' ಎಂದ ಬೆಲೆಗಿಂತ 35,000 ಕಡಿಮೆ. ಮೊದಲು 70,000 ಏರಿಸಿ ಆಮೇಲೆ ಅದರ ಅರ್ಧ ಇಳಿಸಿದ್ದಾರೆ. ಬೆಲೆಯಲ್ಲಿ ಸಿಗಬೇಕಾದ ಹಬ್ಬದ ಆಫರ್ ಏನು ಎಂಬ ಮಾತು ಇನ್ನೂ ಶುರುವೇ ಆಗಿಲ್ಲ.

ಇದು ನಿಮ್ಮ ಕಣ್ಣಿಗೆ ಬೀಳದೇ ಇದ್ದದ್ದು 10,95,000 ಎಂಬ ಅಂಕಿಯನ್ನು ಮೊದಲು ಕೇಳಿದ್ದರಿಂದ. ಟ್ವೆರ್‌ಸ್ಕಿ ಮತ್ತು ಕಾನೆಮನ್ ಎಂಬ ಮನಃಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 10 ಅಥವಾ 65ರ ಮೇಲೆ ಮಾತ್ರ ನಿಲ್ಲುವ ಚಕ್ರವನ್ನು ಜನರ ಎದುರೇ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. 10 ನೋಡಿದವರ ನಡುಮಟ್ಟದ ಉತ್ತರ 25, 65 ನೋಡಿದವರದು 45. ಪ್ರಶ್ನೆಗೆ ಸಂಬಂಧವೇ ಇಲ್ಲದ ಅಂಕಿ ಇಷ್ಟು ಎಳೆಯುತ್ತದೆ ಎಂದಮೇಲೆ, ಶೋರೂಮಿನವರು ಗತ್ತಿನಿಂದ ಹೇಳಿದ ಅಂಕಿ ಎಳೆಯದೇ ಬಿಡುತ್ತದೆಯೇ? ಈ ಎಳೆತ ಗೊತ್ತಿದ್ದವರನ್ನೂ ಬಿಡುವುದಿಲ್ಲ. ಅದಕ್ಕೇ ಮೇಲಿನಿಂದ ಇಳಿಸುವ ಚೌಕಾಸಿ ಬೇಡ. ನಾವು ಮಾಡಿದ ಹಾಗೆ ಕೆಳಗಿನಿಂದ ಕೂಡಿಸಿಕೊಂಡು, ನಿಮ್ಮ ಅಂಕಿ ಬರೆದುಕೊಂಡೇ ಒಳಗೆ ಹೋಗಿ. ಅದೇ ಕಂಪನಿಯ ಬಾಗಲಕೋಟೆ, ಬೆಳಗಾವಿ ಶೋರೂಮುಗಳಿಂದ ಅದೇ ವೇರಿಯಂಟಿನ ಕೊಟೇಶನ್ ವಾಟ್ಸಾಪಿನಲ್ಲಿ ತರಿಸಿ. ಒಂದು ಮಾತು: ತಿಂಗಳುಗಟ್ಟಲೆ ವೇಟಿಂಗ್ ಇರುವ ಮಾಡೆಲ್ ಆದರೆ ಬೆಲೆ ಇಳಿಯಲಿಕ್ಕಿಲ್ಲ. ಆಗಲೂ ಆಕ್ಸೆಸರೀಸ್ ಬೇಡ ಎನ್ನುವ, ಹೊರಗೆ ವಿಮೆ ಮಾಡಿಸುವ ಹಕ್ಕು ನಿಮ್ಮದೇ.

ಇನ್ನು ಮುಂಗಡ. ಬುಕಿಂಗ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ರದ್ದತಿಯ ಷರತ್ತು ಇರುತ್ತದೆ, ಮೊದಲು ಅದನ್ನು ಓದಿ. ಪೂರ್ತಿ ಹಣ ಮರಳಬಹುದು, ಸ್ವಲ್ಪ ಮುರಿದುಕೊಳ್ಳಲೂಬಹುದು. ಅಷ್ಟೂ ಹೋಯಿತೆಂದೇ ಇಟ್ಟುಕೊಳ್ಳೋಣ. 11,000 ಉಳಿಸಲು ಹೋಗಿ 35,000 ಕೊಡುವುದು ಯಾವ ಲೆಕ್ಕ? ಕೊಟ್ಟ ಹಣ, ಮೂರು ಸಲದ ಟೆಸ್ಟ್ ಡ್ರೈವು, ಅಲ್ಲಿ ಕುಡಿದ ಚಹಾ, ಬೀಗರಿಗೆಲ್ಲ ಹೇಳಿಬಿಟ್ಟೆವು ಎಂಬ ಸಂಕೋಚ, ಇವು ಯಾವವೂ ಮುಂದಿನ ಲೆಕ್ಕದಲ್ಲಿ ಬರಬಾರದು. ನಿಮ್ಮನ್ನೇ ಹೀಗೆ ಕೇಳಿಕೊಳ್ಳಿ: ಆ 11,000 ಇವತ್ತೇ ಕೈಗೆ ಬಂದರೆ, ಇದೇ ಶೋರೂಮಿನಲ್ಲಿ ಇದೇ ಬೆಲೆಗೆ ಮತ್ತೆ ಬುಕ್ ಮಾಡುತ್ತೀರಾ? 'ಇಲ್ಲ' ಎಂದರೆ ಉತ್ತರ ಸಿಕ್ಕಿತು. ಆದರೂ ನೇರ ಕ್ಯಾನ್ಸಲ್ ಮಾಡಬೇಡಿ. ನಿಮ್ಮ 10,25,000ದ ಹಾಳಿ ಮ್ಯಾನೇಜರ್ ಮುಂದಿಟ್ಟು, ಬುಕಿಂಗ್ ಉಳಿಸಿಕೊಳ್ಳುವ ಅವಕಾಶ ಅವರಿಗೆ ಕೊಡಿ. ಬಹಳ ಸಲ ಮಾತು ಅಲ್ಲೇ ಮುಗಿಯುತ್ತದೆ.

ಹಬ್ಬದ ಆಸೆ ನನಗೆ ಅರ್ಥವಾಗುತ್ತದೆ. ಖಂಡೇ ಪೂಜೆಗೆ ಹೊಸ ಗಾಡಿಗೆ ಮಾಲೆ ಹಾಕುವ ಸಂಭ್ರಮ ಬಿಡಿ ಎಂದು ಹೇಳಲಾರೆ. ಆದರೆ ಬೆಲೆ ಕುದುರಿಸುವ ದಿನ ಮತ್ತು ಗಾಡಿ ತರುವ ದಿನ ಒಂದೇ ಆಗಬೇಕಿಲ್ಲ. ಪಿತೃಪಕ್ಷದಲ್ಲಿ ನಮ್ಮ ಜನ ಗಾಡಿ ತರುವುದಿಲ್ಲ, ಶೋರೂಮು ಖಾಲಿ ಇರುತ್ತದೆ. ಮಾತುಕತೆಗೆ ಅದೇ ಒಳ್ಳೆಯ ಹೊತ್ತು. ಬೆಲೆಯನ್ನು ಬರಹದಲ್ಲಿ ಪಡೆದು ಡೆಲಿವರಿ ಮಾತ್ರ ಹಬ್ಬಕ್ಕೆ ಇಟ್ಟುಕೊಳ್ಳಿ. ಮಹಾನವಮಿ ತಪ್ಪಿದರೆ ಮೂರು ವಾರದಲ್ಲಿ ದೀಪಾವಳಿ ಪಾಡ್ಯ ಬರುತ್ತದೆ. ಈ ಎರಡನೆಯ ದಿನವನ್ನು ಮನೆಯವರೊಂದಿಗೆ ಈಗಲೇ ಮಾತಾಡಿ ಒಪ್ಪಿಕೊಂಡಿದ್ದರೆ 'ಇವತ್ತೇ ಕಟ್ಟಿ' ಎಂಬ ಮಾತಿಗೆ ನೀವು ಗಾಬರಿಯಾಗುವುದಿಲ್ಲ.

ಹಬ್ಬದ ದಿನ ಸಾಲುಗಟ್ಟಿ ಡೆಲಿವರಿ ಕೊಡುವಾಗ ಗಾಡಿ ಪರೀಕ್ಷಿಸಲು ಯಾರೂ ಬಿಡುವುದಿಲ್ಲ. ಎರಡು ದಿನ ಮೊದಲೇ ಹಗಲು ಬೆಳಕಿನಲ್ಲಿ ಬಣ್ಣದ ಗೀರು, ಟೈರು, ಓಡಿದ ಕಿಲೋಮೀಟರು ನೋಡಿ, ಚಾಸಿ ನಂಬರ್ ಬರೆದುಕೊಂಡು, ಗಾಡಿ ತಯಾರಾದ ತಿಂಗಳು ಯಾವುದೆಂದು ಕೇಳಿ. ಹಳೇ ಸ್ಟಾಕ್ ಆಗಿದ್ದರೆ ಮತ್ತೆ ಬೆಲೆಯ ಮಾತಾಡಿ. ಇನ್‌ವಾಯ್ಸಿನಲ್ಲಿ ಅದೇ ಚಾಸಿ ನಂಬರ್ ಬಂದಮೇಲೆ ಉಳಿದ ಹಣ ಕಟ್ಟಿ.

— ಸಂಪಾದಕ