ಲಿಂಕನ್ನರ ಮನೆಯಲ್ಲಿ ಯಾರಿದ್ದರು?

"ಕಳೆದ ಸಂಚಿಕೆಯ ಲೇಖನದಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗುವ ಮೊದಲೇ ಅನುಕೂಲಸ್ಥರಾಗಿದ್ದರು, ಮನೆಯಲ್ಲಿ ಆಳುಗಳಿದ್ದರು ಎಂದು ಬರೆದಿದ್ದೀರಿ. ಅವರು ಕಡುಬಡವರೆಂದೇ ನಾನು ಮಕ್ಕಳಿಗೆ ಪಾಠ ಹೇಳುತ್ತ ಬಂದವನು. ನಿಮ್ಮ ಮಾತಿಗೆ ಆಧಾರವೇನು? ನಮ್ಮ ಸೀಮೆಯ ಹಳೆಯ ಮನೆತನಗಳ ಬಗ್ಗೆಯೂ ಅಂಥ ಆಧಾರ ಸಿಗುತ್ತದೆಯೆ?"
— ನಿವೃತ್ತ ಶಿಕ್ಷಕರೊಬ್ಬರು, ಸಿರುಗುಪ್ಪ

ಮಾನ್ಯರೆ,

ನೀವು ಹೇಳಿದ ಪಾಠ ಲಿಂಕನ್ನರ ಬಾಲ್ಯದ ಮಟ್ಟಿಗೆ ಸರಿಯಾಗಿಯೇ ಇದೆ. ನಮ್ಮ ಲೇಖನದ ಮಾತು ಅವರು ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವಕೀಲರಾಗಿ ಸಂಸಾರ ಹೂಡಿದ ಕಾಲಕ್ಕೆ ಸಂಬಂಧಿಸಿದ್ದು. ಅದರ ಮುಖ್ಯ ಆಧಾರ 1850 ಮತ್ತು 1860ರ ಜನಗಣತಿಯ ಹಾಳೆಗಳು. ಅಮೆರಿಕದ ಗಣತಿಯಲ್ಲಿ 1840ರವರೆಗೆ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದು, ಉಳಿದವರನ್ನು ವಯಸ್ಸಿನ ಗುಂಪುಗಳಾಗಿ ಎಣಿಸುತ್ತಿದ್ದರು. ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಬರೆಯುವ ಕ್ರಮ 1850ರಲ್ಲಿ ಆರಂಭವಾಯಿತು.

ಆ ವರ್ಷದ ಹಾಳೆಯಲ್ಲಿ ಲಿಂಕನ್, ಪತ್ನಿ ಮೇರಿ, ಮಗ ರಾಬರ್ಟ್ ಮತ್ತು ಐರ್ಲೆಂಡಿನಲ್ಲಿ ಹುಟ್ಟಿದ 18 ವರ್ಷದ ಕ್ಯಾಥರೀನ್ ಗಾರ್ಡನ್ ಎಂಬ ಹುಡುಗಿ ಇದ್ದಾರೆ. ಇದನ್ನಷ್ಟೇ ಓದಿದವರಿಗೆ ಲಿಂಕನ್ ದಂಪತಿಗೆ ಆಗ ಹುಟ್ಟಿದ್ದು ಒಂದೇ ಮಗು ಎನಿಸುತ್ತದೆ. ಆದರೆ 1860ರ ಹಾಳೆಯಲ್ಲಿ ರಾಬರ್ಟನಿಗೆ 16, ಅವನ ತಮ್ಮ ವಿಲಿಯಂಗೆ 9, ಕಿರಿಯ ಥಾಮಸ್‌ಗೆ 7 ವರ್ಷ. ಮೊದಲ ಇಬ್ಬರ ನಡುವಿನ ಏಳು ವರ್ಷಗಳ ಅಂತರವೇ ಓದುವವರನ್ನು ತಡೆದು ನಿಲ್ಲಿಸಬೇಕು. ಆ ಕಾಲದ ಸಂಸಾರಗಳಲ್ಲಿ ಎರಡು ಮೂರು ವರ್ಷಕ್ಕೊಂದು ಮಗು ಹುಟ್ಟುವುದು ಸಾಮಾನ್ಯವಾಗಿದ್ದರಿಂದ, ಇಷ್ಟು ದೊಡ್ಡ ಅಂತರ ಕಂಡಾಗ ನಡುವೆ ಒಂದು ಮಗು ತೀರಿಹೋಗಿರಬಹುದೆಂದು ಶಂಕಿಸಿ ಬೇರೆ ದಾಖಲೆಯನ್ನು ಹುಡುಕಬೇಕಾಗುತ್ತದೆ. ಇಲ್ಲಿ ಆ ದಾಖಲೆ ಗಣತಿಯ ಜೊತೆಯಲ್ಲೇ ಇದೆ. 1850ರ ಜೂನ್ 1ಕ್ಕೆ ಕೊನೆಗೊಂಡ ಹನ್ನೆರಡು ತಿಂಗಳಲ್ಲಿ ಸತ್ತವರನ್ನು ಪ್ರತ್ಯೇಕ ಮರಣಪಟ್ಟಿಯಲ್ಲಿ ಬರೆದುಕೊಂಡಿದ್ದರು. 1846ರಲ್ಲಿ ಹುಟ್ಟಿ 1850ರ ಫೆಬ್ರವರಿ 1ರಂದು ತೀರಿಕೊಂಡ ಎಡ್ವರ್ಡ್ ಆ ಪಟ್ಟಿಯಲ್ಲಿದ್ದಾನೆ. ಕಾಯಿಲೆ ಕ್ಷಯವೆಂದು ನಮೂದಾಗಿದೆ. ವಿಲಿಯಂ ಹುಟ್ಟಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಗಣತಿಯ ದಿನ ಈ ಸಾವು ಮತ್ತು ಈ ಹುಟ್ಟಿನ ನಡುವೆ ಬಿದ್ದದ್ದರಿಂದ ಮನೆಯ ಪಟ್ಟಿಯಲ್ಲಿ ರಾಬರ್ಟ್ ಒಬ್ಬನೇ ಉಳಿದ.

ವಯಸ್ಸಿನ ಕಾಲಂ ಅನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಮೇರಿ ಹುಟ್ಟಿದ್ದು 1818ರ ಡಿಸೆಂಬರಿನಲ್ಲಿ, ಆದ್ದರಿಂದ ಮೊದಲ ಗಣತಿಯ ವೇಳೆಗೆ ಆಕೆಗೆ 31, ಎರಡನೆಯದರ ವೇಳೆಗೆ 41 ಆಗಿರಬೇಕಿತ್ತು. ಹಾಳೆಗಳಲ್ಲಿರುವುದು 28 ಮತ್ತು 35. ಹತ್ತು ವರ್ಷ ಕಳೆದರೂ ಆ ತಾಯಿಗೆ ಏಳೇ ವರ್ಷ ಹೆಚ್ಚಾಗಿದೆ! ಗಣತಿದಾರ ಯಾವ ಪ್ರಮಾಣಪತ್ರವನ್ನೂ ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಉತ್ತರಿಸಿದವರು ಹೇಳಿದ್ದನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದ. ಉತ್ತರಿಸಿದವರು ಯಾರೆಂಬುದು ಹಾಳೆಯಲ್ಲಿ ಇರುವುದಿಲ್ಲ.

ಈಗ ಆಸ್ತಿಯ ವಿಷಯ. 1860ರಲ್ಲಿ ಲಿಂಕನ್ನರ ಹೆಸರಿನ ಮುಂದೆ ಸ್ಥಿರಾಸ್ತಿ 5,000 ಡಾಲರ್, ಚರಾಸ್ತಿ 12,000 ಡಾಲರ್ ಎಂದಿದೆ. ಅವರು ಆ ಮನೆಯನ್ನು 1844ರಲ್ಲಿ ಕೊಂಡದ್ದು 1,500 ಡಾಲರ್ ಬೆಲೆಗೆ: 1,200 ನಗದು, ಉಳಿದದ್ದಕ್ಕೆ ಒಂದು ನಿವೇಶನ. 1856ರಲ್ಲಿ ಅದಕ್ಕೆ ಪೂರ್ಣ ಪ್ರಮಾಣದ ಎರಡನೆಯ ಅಂತಸ್ತು ಬಂತು. ಚರಾಸ್ತಿ ಎಂದರೆ ಮೇಜು ಕುರ್ಚಿ, ಪಾತ್ರೆ ಪಗಡಿ ಮಾತ್ರವಲ್ಲ. ಲಿಂಕನ್ ಪರಿಚಿತರಿಗೆ ಬಡ್ಡಿಗೆ ಸಾಲ ಕೊಡುತ್ತಿದ್ದವರು, ಆ ಸಾಲಪತ್ರಗಳೂ ಅದರಲ್ಲಿ ಸೇರುತ್ತವೆ. ಈ ಮೊತ್ತಗಳೂ ಮನೆಯವರ ಬಾಯಿಮಾತೇ ಆದ್ದರಿಂದ ಇವನ್ನು ಲೆಕ್ಕಪತ್ರವೆಂದು ತಿಳಿಯದೆ ಅಂದಾಜೆಂದು ಹಿಡಿಯಬೇಕು. ಆ ಹೊತ್ತಿಗೆ ಅವರು ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿದ್ದರೂ ವೃತ್ತಿಯ ಕಾಲಂನಲ್ಲಿ ವಕೀಲರೆಂದಷ್ಟೇ ಇದೆ.

ಆಳುಗಳ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಅಷ್ಟು ನೇರವಾಗಿಲ್ಲ. 1860ರ ಪಟ್ಟಿಯ ಕೊನೆಯಲ್ಲಿ ಎಂ. ಜಾನ್ಸನ್ ಎಂಬ 18 ವರ್ಷದ ಮನೆಗೆಲಸದ ಹುಡುಗಿ ಮತ್ತು ಫಿಲಿಪ್ ಡಿಂಕೆಲ್ ಎಂಬ 14 ವರ್ಷದ ಹುಡುಗ ಇದ್ದಾರೆ. ಯಜಮಾನನಿಗೆ ಏನಾಗಬೇಕು ಎಂಬ ಪ್ರಶ್ನೆಯನ್ನು ಗಣತಿಯಲ್ಲಿ ಸೇರಿಸಿದ್ದು 1880ರಲ್ಲಿ. ಅದಕ್ಕಿಂತ ಹಿಂದಿನ ಹಾಳೆಗಳಲ್ಲಿ ಬೇರೆ ಮನೆತನದ ಹೆಸರಿನವರು ಕಂಡರೆ ಅವರು ಆಳೋ ಬಂಧುವೋ ಆಶ್ರಿತರೋ ಎಂದು ಹೆಸರಿನಿಂದ ಮಾತ್ರ ನಿರ್ಧರಿಸಲಾಗದು. ಇನ್ನೊಂದು ಕಡೆ, ಅನೇಕ ವರ್ಷ ಇದೇ ಮನೆಯ ಅಡುಗೆ, ಬಟ್ಟೆ ಒಗೆಯುವ ಕೆಲಸ ನೋಡಿಕೊಂಡ ಕಪ್ಪು ಜನಾಂಗದ ಮರಾಯಾ ವಾನ್ಸ್ ಈ ಪಟ್ಟಿಯಲ್ಲಿಲ್ಲ. ಆಕೆ ರಾತ್ರಿ ತನ್ನ ಮನೆಗೆ ಮರಳುತ್ತಿದ್ದಳು. ಗಣತಿ ಹೇಳುವುದು ಆ ಮನೆಯಲ್ಲಿ ವಾಸವಿದ್ದವರನ್ನೇ ಹೊರತು ಅದಕ್ಕಾಗಿ ದುಡಿದವರನ್ನಲ್ಲ.

ತೆರಿಗೆಯ ಕಾಗದಗಳು ಸಂಸಾರದ ಬಗ್ಗೆ ಹೇಳುವುದು ಕಡಿಮೆ. ಅಧ್ಯಕ್ಷರಾಗಿ ಪಡೆಯುತ್ತಿದ್ದ ವರ್ಷಕ್ಕೆ 25,000 ಡಾಲರ್ ಸಂಬಳದ ಮೇಲೆ ಅವರು ಆದಾಯ ತೆರಿಗೆ ಕಟ್ಟಿದ್ದರು. ಅಧಿಕಾರದಲ್ಲಿರುವ ಅಧ್ಯಕ್ಷರ ಸಂಬಳವನ್ನು ಸಂವಿಧಾನದ ಪ್ರಕಾರ ಇಳಿಸುವಂತಿಲ್ಲವೆಂಬ ಕಾರಣಕ್ಕೆ 1872ರಲ್ಲಿ ಸುಮಾರು 3,555 ಡಾಲರ್ ಅವರ ವಾರಸುದಾರರಿಗೆ ಮರಳಿತು.

ಸೇನಾ ಸೇವೆಗಾಗಿ ಸರ್ಕಾರ ಕೊಟ್ಟ ಭೂದಾನದ ಕಾಗದಗಳು ಹೆಚ್ಚು ಮಾತಾಡುತ್ತವೆ. 1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಲಿಂಕನ್ ಮೂರು ತಿಂಗಳಿಗೂ ಕಡಿಮೆ ಕಾಲ ಸ್ವಯಂಸೇವಕ ಸೈನಿಕರಾಗಿದ್ದರು. 1850ರ ಕಾಯ್ದೆಯಂತೆ ಒಂಬತ್ತು ತಿಂಗಳ ಸೇವೆಗೆ 160 ಎಕರೆ, ನಾಲ್ಕು ತಿಂಗಳಿಗೆ 80, ಒಂದು ತಿಂಗಳಿಗೆ 40 ಎಕರೆ ಸಲ್ಲುತ್ತಿತ್ತು. ಆದ್ದರಿಂದ ಅವರಿಗೆ 1852ರಲ್ಲಿ ಬಂದದ್ದು ಸರ್ಕಾರಿ ಜಮೀನಿನಲ್ಲಿ 40 ಎಕರೆ ಆರಿಸಿಕೊಳ್ಳುವ ಹಕ್ಕುಪತ್ರ. 1855ರ ಕಾಯ್ದೆ ಹದಿನಾಲ್ಕು ದಿನ ಸೇವೆ ಸಲ್ಲಿಸಿದವರಿಗೂ 160 ಎಕರೆ ಕೊಟ್ಟು, ಮೊದಲು ಕಡಿಮೆ ಪಡೆದವರಿಗೆ ಬಾಕಿಯನ್ನು ತುಂಬಿಕೊಟ್ಟಿತು; ಹೀಗಾಗಿ 1856ರಲ್ಲಿ ಇನ್ನೊಂದು 120 ಎಕರೆ. ಎರಡು ಪತ್ರಗಳನ್ನು ಕಂಡು ಎರಡು ಯುದ್ಧಗಳಲ್ಲಿ ಸೇವೆ ಸಲ್ಲಿಸಿದ್ದರೆಂದು ಭಾವಿಸುವುದು ಸುಲಭ, ಆದರೆ ಯುದ್ಧ ಒಂದೇ. ಇಂಥ ಪತ್ರ ಪಡೆದವರಲ್ಲಿ ಬಹುಪಾಲು ಜನ ಅದನ್ನು ದಲ್ಲಾಳಿಗಳಿಗೆ ಮಾರಿ ನಗದು ಮಾಡಿಕೊಂಡರು. ಲಿಂಕನ್ ಮಾರಲಿಲ್ಲ. ಮೊದಲನೆಯದಕ್ಕೆ ಅಯೋವಾ ರಾಜ್ಯದ ಟಾಮಾ ಕೌಂಟಿಯಲ್ಲಿ, ಎರಡನೆಯದಕ್ಕೆ 1859ರಲ್ಲಿ ಅದೇ ರಾಜ್ಯದ ಕ್ರಾಫರ್ಡ್ ಕೌಂಟಿಯಲ್ಲಿ ಜಮೀನು ಪಡೆದು ಇಟ್ಟುಕೊಂಡರು. ಕ್ರಾಫರ್ಡಿನ ಜಮೀನನ್ನು ಮಗ ರಾಬರ್ಟ್ ಮಾರಿದ್ದು 1892ರಲ್ಲಿ. ಉಳುಮೆಗೆ ಹೋಗದ ಜಮೀನನ್ನು ವರ್ಷಗಟ್ಟಲೆ ಹಾಗೆಯೇ ಇಟ್ಟುಕೊಳ್ಳಬಲ್ಲ ಮನೆಯಲ್ಲಿ ನಗದಿಗೆ ತುರ್ತು ಇರಲಿಲ್ಲವೆಂಬುದೇ ನಮ್ಮ ಲೇಖನದ ಮಾತಿಗೆ ನನಗೆ ಕಾಣುವ ಗಟ್ಟಿ ಆಧಾರ. ಗಣತಿಯ 12,000 ಡಾಲರಿಗಿಂತ ಇದನ್ನೇ ಹೆಚ್ಚು ನಂಬುತ್ತೇನೆ.

ನಮ್ಮ ಸೀಮೆಯಲ್ಲಿ ಗಣತಿಯ ದಾರಿ ಮುಚ್ಚಿದೆ. 1948ರ ಜನಗಣತಿ ಕಾಯ್ದೆಯ 15ನೇ ಕಲಮು ಮನೆಮನೆಯ ವಿವರಗಳನ್ನು ನೋಡಲು ಯಾರಿಗೂ ಅವಕಾಶ ಕೊಡುವುದಿಲ್ಲ. ನಮಗೆ ಸಿಗುವುದು ಅಚ್ಚಾದ ಒಟ್ಟು ಅಂಕಿಗಳು. ಆದರೆ ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದುದರಿಂದ, ದಾನವಾಗಿ ಬಂದ ಜಮೀನುಗಳ ಹಕ್ಕನ್ನು ಪರಿಶೀಲಿಸಲು 1858ರಲ್ಲಿ ಅಲ್ಲಿ ಆರಂಭವಾದ ಇನಾಂ ಕಮಿಷನ್ನಿನ ರಿಜಿಸ್ಟರುಗಳು ನಿಮ್ಮ ಉಪಯೋಗಕ್ಕೆ ಬರುತ್ತವೆ. ದಾನ ಕೊಟ್ಟವರು, ಮೂಲದಲ್ಲಿ ಪಡೆದವರು, ಆಗ ಅನುಭವಿಸುತ್ತಿದ್ದವರು ಮತ್ತು ಈ ಕೊನೆಯ ಇಬ್ಬರ ನಡುವಿನ ಸಂಬಂಧ ಅಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳು ವಾರಸುದಾರರಾಗಿದ್ದರಷ್ಟೇ ಕಾಣಿಸುತ್ತಾರೆ, ಆಳುಕಾಳು ಕಾಣಿಸುವುದಿಲ್ಲ. ರಾಯಚೂರು, ಕೊಪ್ಪಳ ಕಡೆಯವರು ನಿಜಾಮರ ಕಾಲದ ಕಾಗದಗಳಿಗೆ ಪಾರ್ಸಿ, ಉರ್ದು ಬಲ್ಲವರ ನೆರವು ಪಡೆಯಬೇಕು. ನೀವು ಮೊದಲು ಜಿಲ್ಲಾಧಿಕಾರಿಗಳ ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಿ, ಊರಿನ ಹೆಸರಿನ ಜೊತೆಗೆ ಆ ಮನೆತನದ ಹಳೆಯ ಕಾಗದಗಳಲ್ಲಿ ಇನಾಮಿನ ಟೈಟಲ್ ಡೀಡ್ ನಂಬರ್ ಇದ್ದರೆ ಅದನ್ನೂ ಬರೆದುಕೊಡಿ.

— ಸಂಪಾದಕ