ಗ್ರೂಪಿಗೆ ಹಾಕಿದ ಒಂದು ಸಂದೇಶ, ಅದಕ್ಕೂ ಮುಂಚೆ ಮಾಡಿದ ಎರಡು ಫೋನ್

ಪ್ರಶ್ನೆ: ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಚಿತ್ರ, ಫಾರ್ವರ್ಡು, ರಾತ್ರಿ ಹನ್ನೆರಡಕ್ಕೂ ಮೆಸೇಜು. ಹಿರಿಯರಿಗೆ ಬೇಜಾರಾಗದ ಹಾಗೆ ಏನಂತ ಬರೆದು ಹಾಕಲಿ?

ನಮ್ಮ ಗ್ರೂಪಿನಲ್ಲಿ 46 ಜನ ಇದ್ದೇವೆ. ಎರಡು ವರ್ಷದ ಹಿಂದೆ ತಿಪಟೂರಿನಲ್ಲಿದ್ದ ನಮ್ಮ ಚಿಕ್ಕಜ್ಜ ಬೆಳಗಿನ ಜಾವ ತೀರಿಕೊಂಡರು. ಚಿಕ್ಕಪ್ಪ ಆ ಗಡಿಬಿಡಿಯಲ್ಲೇ ಐದೂವರೆಗೆ ಗ್ರೂಪಿಗೆ ಒಂದು ಸಾಲು ಹಾಕಿದರು. ಏಳು ಗಂಟೆಯೊಳಗೆ ಅದರ ಕೆಳಗೆ ಇಪ್ಪತ್ತಕ್ಕಿಂತ ಜಾಸ್ತಿ ಶುಭೋದಯದ ಚಿತ್ರಗಳು ಬಿದ್ದಿದ್ದವು, ಹಾಕಿದವರು ಯಾರೂ ಮೇಲಿನ ಸಾಲು ನೋಡಿರಲಿಲ್ಲ. ಬೆಂಗಳೂರಿನಲ್ಲಿದ್ದ ನಾವು ನಾಲ್ಕು ಜನ ಗ್ರೂಪನ್ನು ಮ್ಯೂಟ್ ಮಾಡಿಟ್ಟಿದ್ದೆವು. ನಾನು ನೋಡಿದಾಗ ಹನ್ನೊಂದು ಗಂಟೆ. ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಮನೆ ತೊಳೆಯುತ್ತಿದ್ದರು.

ಇದನ್ನು ಯಾಕೆ ಹೇಳಿದೆ ಅಂದರೆ, ಹಿರಿಯರ ಮನಸ್ಸಿಗೆ ತಟ್ಟಿದ ಕಾರಣ ಇದೊಂದೇ. ಫೋನ್ ಮೆಮೊರಿ ತುಂಬುತ್ತದೆ, ಕೆಲಸಕ್ಕೆ ತೊಂದರೆ ಆಗುತ್ತದೆ ಅಂತ ಅದಕ್ಕೂ ಮುಂಚೆ ಹೇಳಿ ನೋಡಿದ್ದೆವು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ನಡೆದಿರುತ್ತದೆ, ತಪ್ಪಿಹೋದ ಸುದ್ದಿ ಯಾವುದಾದರೂ. ಅದರಿಂದಲೇ ಶುರು ಮಾಡಿ.

ಇನ್ನೊಂದು ತಪ್ಪನ್ನೂ ನಾವು ಮಾಡಿದ್ದೆವು. ನನ್ನ ದೊಡ್ಡಮ್ಮನ ಮಗ ಒಮ್ಮೆ ‘ದಯವಿಟ್ಟು ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ’ ಅಂತ ಬರೆದ, ಅದೂ ಅರಸೀಕೆರೆ ಅತ್ತೆ ಚಿತ್ರ ಹಾಕಿದ ಎರಡೇ ನಿಮಿಷಕ್ಕೆ. ಅತ್ತೆ ಅವತ್ತೇ ಗ್ರೂಪ್ ಬಿಟ್ಟರು. ಮಾವ ಹೋದ ಮೇಲೆ ಅವರು ಒಬ್ಬರೇ ಇರುವುದು. ಬೆಳಗ್ಗೆ ಆರಕ್ಕೆ ಅವರ ಚಿತ್ರ ಬಂತು ಅಂದರೆ ಎದ್ದಿದ್ದಾರೆ, ಚೆನ್ನಾಗಿದ್ದಾರೆ ಅಂತ ಅವರ ಅಕ್ಕತಂಗಿಯರಿಗೆ ಲೆಕ್ಕ. ಎಂಟಾದರೂ ಬರದಿದ್ದರೆ ಫೋನ್ ಮಾಡುತ್ತಿದ್ದರಂತೆ. ನಮಗೆ ಇದು ಗೊತ್ತೇ ಇರಲಿಲ್ಲ. ಹಾಗಾಗಿ ಚಿತ್ರ ಬೇಡ ಅನ್ನುವ ಮೊದಲು ಅದಕ್ಕೊಂದು ಜಾಗ ಮಾಡಿಕೊಡಿ. ನಾವು ‘ಮನೆ ಹರಟೆ’ ಅಂತ ಇನ್ನೊಂದು ಗ್ರೂಪ್ ಮಾಡಿದೆವು. ಸ್ಟೇಟಸ್ಸಿಗೆ ಹಾಕಿ ಅಂತಲೂ ಹೇಳಬಹುದು, ಆದರೆ ಅದು 24 ಗಂಟೆಯಲ್ಲಿ ಹೋಗುತ್ತದೆ, ವಯಸ್ಸಾದವರು ಎಷ್ಟೋ ಜನ ಅದನ್ನು ತೆರೆಯುವುದೂ ಇಲ್ಲ.

ಸಂದೇಶ ಹಾಕುವ ಮುಂಚೆ ಎರಡು ಫೋನ್ ಮಾಡಿದೆ. ಮೊದಲನೆಯದು ಅತ್ತೆಗೆ, ಕ್ಷಮೆ ಕೇಳಿ, ಹೊಸ ಗ್ರೂಪಿನ ಅಡ್ಮಿನ್ ನೀವೇ ಆಗಬೇಕು ಅಂತ ಕೇಳಿಕೊಂಡೆ. ಎರಡನೆಯದು ಎಲ್ಲರಿಗಿಂತ ಹಿರಿಯರಾದ ದೊಡ್ಡಪ್ಪನಿಗೆ. ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ‘ಹಾಕಪ್ಪ, ನಾನು ಹೇಳಿದೆ ಅಂತಲೇ ಹಾಕು’ ಅಂದರು. ಆಮೇಲೆ ಒಂದು ಭಾನುವಾರ ಹನ್ನೊಂದಕ್ಕೆ, ಬೆಳಗಿನ ಚಿತ್ರಗಳೆಲ್ಲ ಬಂದು ಹೋಗಿ ಸುಮಾರು ಹೊತ್ತಾದ ಮೇಲೆ ಹಾಕಿದೆ. ಇಲ್ಲದಿದ್ದರೆ ಕೊನೆಯಲ್ಲಿ ಚಿತ್ರ ಹಾಕಿದವರಿಗೆ ಇದು ನನಗೇ ಹೇಳಿದ್ದು ಅನ್ನಿಸುತ್ತದೆ. ಸಂದೇಶ ಇದು, ಹೆಸರು ಬದಲಿಸಿ ನೀವೂ ಬಳಸಿಕೊಳ್ಳಿ:

> ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ ಹತ್ತಿರ ಮಾತಾಡಿ, ಅವರು ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಜ್ಜ ಹೋದ ಸುದ್ದಿ ನಮ್ಮಲ್ಲಿ ಕೆಲವರಿಗೆ ಹೊತ್ತಿಗೆ ಸರಿಯಾಗಿ ಗೊತ್ತಾಗಲಿಲ್ಲ. ಹಾಗೆ ಇನ್ನೊಮ್ಮೆ ಆಗಬಾರದು ಅಂತ ನಾವೆಲ್ಲ ಸೇರಿ ಹೀಗೆ ಮಾಡೋಣ.
>
> ಈ ಗ್ರೂಪಿನಲ್ಲಿ ನಮ್ಮ ಮನೆಯವರ ಸುದ್ದಿ ಮಾತ್ರ ಇರಲಿ. ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಕಾರ್ಯ, ಯಾರು ಊರಿಗೆ ಬರುತ್ತಿದ್ದಾರೆ, ಮಕ್ಕಳ ಫೋಟೊ, ಇಂಥದ್ದೆಲ್ಲ ಹಾಕೋಣ. ಬೆಳಗಿನ ಶುಭೋದಯ, ದೇವರ ಫೋಟೊ, ಹಾಡು, ನಗೆಹನಿಗಳಿಗೆ ‘ಮನೆ ಹರಟೆ’ ಗ್ರೂಪ್ ಇದೆ, ಅದನ್ನು ಅರಸೀಕೆರೆ ಅತ್ತೆ ನೋಡಿಕೊಳ್ಳುತ್ತಾರೆ.
>
> ಬೇರೆ ಕಡೆಯಿಂದ ಬಂದ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ಈಗಾಗಲೇ ಬಹಳ ಕೈ ದಾಟಿ ಬಂದದ್ದು. ಔಷಧಿ, ಬ್ಯಾಂಕು, ಮಕ್ಕಳ ಕಳ್ಳರು ಅಂತ ಏನೇ ಇದ್ದರೂ ಮೊದಲು ನನಗೋ ಮಂಜುವಿಗೋ ಕಳಿಸಿ, ವಿಚಾರಿಸಿ ಹೇಳುತ್ತೇವೆ.
>
> ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಇಲ್ಲಿ ಏನೂ ಹಾಕುವುದು ಬೇಡ. ತುರ್ತು ಇದ್ದರೆ ಮೆಸೇಜ್ ಬೇಡ, ಫೋನ್ ಮಾಡಿ. ಎತ್ತದಿದ್ದರೆ ತಕ್ಷಣ ಇನ್ನೊಮ್ಮೆ ಮಾಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ.

‘ಮಾಡೋಣ’, ‘ಹಾಕೋಣ’ ಅಂತಿದೆ, ಗಮನಿಸಿ. ‘ನೀವು ಹಾಕುತ್ತೀರಿ’ ಅನ್ನುವ ಮಾತೇ ಇಲ್ಲ. ಆದರೆ ಗಂಟೆ ಮಾತ್ರ ಖಚಿತವಾಗಿ ಬರೆಯಲೇಬೇಕು. ‘ತಡರಾತ್ರಿ’ ಅಂದರೆ ನಮ್ಮ ದೊಡ್ಡಮ್ಮನಿಗೆ ಒಂಬತ್ತು, ತಮ್ಮನಿಗೆ ಒಂದು. ನ್ಯೂಜೆರ್ಸಿಯಲ್ಲಿರುವ ಅಕ್ಕನ ಹತ್ತಿರ ಬೇರೆಯಾಗಿ ಮಾತಾಡಿದೆ. ಅವಳಿಗೆ ಬಿಡುವಾಗುವುದು ಮಧ್ಯಾಹ್ನ ಒಂದಕ್ಕೆ, ಬೇಸಿಗೆಯಲ್ಲಿ ಆಗ ನಮಗೆ ರಾತ್ರಿ ಹತ್ತೂವರೆ. ಈಗ ಅವಳು ರಾತ್ರಿ ಮಲಗುವ ಮುಂಚೆ ಹಾಕುತ್ತಾಳೆ, ಇಲ್ಲಿ ಆಗಲೇ ಬೆಳಗಾಗಿರುತ್ತದೆ.

ಎರಡು ಸಲ ಫೋನ್ ಮಾಡಿ ಅಂದದ್ದಕ್ಕೂ ಕಾರಣ ಇದೆ. ಎಷ್ಟೋ ಜನ ರಾತ್ರಿ ಫೋನನ್ನು ‘ಡೂ ನಾಟ್ ಡಿಸ್ಟರ್ಬ್’ಗೆ ಹಾಕಿ ಮಲಗುತ್ತಾರೆ. ಒಂದೇ ನಂಬರಿನಿಂದ ಕೆಲವೇ ನಿಮಿಷದಲ್ಲಿ ಎರಡನೇ ಕರೆ ಬಂದರೆ ರಿಂಗ್ ಆಗುವ ಹಾಗೆ ಮಾಡುವ ಸೆಟ್ಟಿಂಗ್ ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ಇದೆ. ಊರಿಗೆ ಹೋದಾಗ ಮನೆಯವರ ಫೋನಿನಲ್ಲಿ ಅದು ಆನ್ ಇದೆಯಾ ನೋಡಿ ಬನ್ನಿ.

ಫಾರ್ವರ್ಡಿನ ವಿಷಯ ಕಷ್ಟದ್ದು, ಅದು ಒಂದು ಸಂದೇಶಕ್ಕೆ ನಿಲ್ಲುವುದಿಲ್ಲ. ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬರನ್ನು ಜನ ಹೊಡೆದು ಕೊಂದರು. ನಮ್ಮ ರಾಜ್ಯದಲ್ಲೇ ಆದದ್ದು ಅಂತ ಹೇಳಿದಾಗ ದೊಡ್ಡಪ್ಪ ಸುಮ್ಮನೆ ಕೂತುಬಿಟ್ಟರು. ಆದರೂ ಜನ ಕಳಿಸುವುದು ಒಳ್ಳೆಯ ಮನಸ್ಸಿನಿಂದಲೇ. ಕಳೆದ ವರ್ಷ ನಮ್ಮ ಇನ್ನೊಬ್ಬ ಮಾವ ‘ಬಿ ನೆಗೆಟಿವ್ ರಕ್ತ ತುರ್ತಾಗಿ ಬೇಕು’ ಅನ್ನುವುದನ್ನು ಹಾಕಿದರು. ಅದರಲ್ಲಿ ತಾರೀಕೇ ಇರಲಿಲ್ಲ. ಗ್ರೂಪಿನಲ್ಲಿ ‘ಇದು ಸುಳ್ಳು’ ಅಂತ ಬರೆಯದೆ ಮಾವನಿಗೆ ಫೋನ್ ಮಾಡಿ, ಅದರಲ್ಲಿದ್ದ ನಂಬರಿಗೆ ನೀವೇ ಒಮ್ಮೆ ಮಾಡಿ ನೋಡಿ ಅಂದೆ. ಮಾಡಿದರು. ರಕ್ತ ಸಿಕ್ಕಿ ಎಷ್ಟೋ ತಿಂಗಳಾಗಿತ್ತು, ಆ ಮನುಷ್ಯ ದಿನಾ ಇದೇ ಫೋನ್ ಬರುತ್ತದೆ ಅಂತ ಅಳುವುದೊಂದೇ ಬಾಕಿ. ಮಾವನೇ ಮೆಸೇಜ್ ತೆಗೆದರು. ಹಾಕಿ ಎರಡು ದಿನದೊಳಗಾದರೆ ‘ಡಿಲೀಟ್ ಫಾರ್ ಎವ್ರಿವನ್’ ಸಿಗುತ್ತದೆ, ಅದನ್ನು ಒತ್ತುವುದು ಹೇಗೆ ಅಂತ ಅವರಿಗೆ ತೋರಿಸಿಕೊಟ್ಟಿದ್ದೆ. ಎಲ್ಲರೆದುರಿಗೆ ತಿದ್ದಿದ್ದರೆ ಅವರು ತೆಗೆಯುತ್ತಿರಲಿಲ್ಲ.

ಒಂದಕ್ಕೆ ಮಾತ್ರ ಕಾಯಬೇಡಿ. ಮದುವೆ ಕರೆಯೋಲೆ ಅಂತ ಬಂದ ಫೈಲಿನ ಹೆಸರು .apk ಅಂತ ಮುಗಿದರೆ ಅದು ಫೋನಿಗೆ ಹೊಕ್ಕು ದುಡ್ಡು ಕದಿಯುವ ಆ್ಯಪ್. ಅದನ್ನು ಅಡ್ಮಿನ್ ಕೂಡಲೇ ಅಳಿಸಿ, ‘ಯಾರೂ ಒತ್ತಬೇಡಿ’ ಅಂತ ಗ್ರೂಪಿನಲ್ಲೇ ಬರೆಯಬೇಕು. ಕಳಿಸಿದವರಿಗೆ ಆಮೇಲೆ ಸಮಾಧಾನ ಹೇಳಿದರಾಯಿತು, ಅವರ ಫೋನೇ ಕಳ್ಳರ ಕೈಗೆ ಹೋಗಿರಬಹುದು.

ಸಂದೇಶ ಹಾಕಿದ ಮೊದಲ ತಿಂಗಳು ಹಳೇ ಗ್ರೂಪಿನಲ್ಲೂ ದಿನಕ್ಕೆ ಎರಡು ಮೂರು ಚಿತ್ರ ಬೀಳುತ್ತಿದ್ದವು. ನಾವು ಏನೂ ಅನ್ನಲಿಲ್ಲ. ಅತ್ತೆಯೇ ಅವರಿಗೆಲ್ಲ ‘ಅಲ್ಲಿ ಹಾಕ್ರೀ’ ಅಂತ ಹೇಳಿ ಕರೆದುಕೊಂಡು ಹೋದರು. ಇಬ್ಬರು ಇನ್ನೂ ಹಾಕುತ್ತಾರೆ, ಇರಲಿ ಬಿಡಿ. ಸಂದೇಶವನ್ನು ಗ್ರೂಪಿನ ಡಿಸ್ಕ್ರಿಪ್ಷನ್ನಿನಲ್ಲೂ ಹಾಕಿಡಿ, ಯಾಕಂದರೆ ಪಿನ್ ಮಾಡಿದರೆ ಹೆಚ್ಚೆಂದರೆ 30 ದಿನ ಇರುತ್ತದೆ, ಆಮೇಲೆ ಮದುವೆಯಾಗಿ ಬಂದ ಸೊಸೆಗೆ ಅಳಿಯನಿಗೆ ಅದು ಕಾಣಿಸುವುದಿಲ್ಲ.