“ಅಮ್ಮನಿಗೆ ಕರೆಂಟ್ ಅಂತ ಹೇಳಬೇಡಿ”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

58 ವರ್ಷದ ಮಹಿಳೆ. “ನನ್ನ ಕರುಳೆಲ್ಲ ಕೊಳೆತುಹೋಗಿದೆ, ತಿಂದದ್ದು ಎಲ್ಲಿಗೆ ಹೋಗುತ್ತೆ?” ಎನ್ನುತ್ತ ಊಟ ಬಿಟ್ಟಿದ್ದರು. ನೀರು ಕೂಡ ಬಲವಂತಕ್ಕೆ ಎರಡು ಗುಟುಕು. ಎರಡು ಬಗೆಯ ಔಷಧಿಗಳನ್ನು ವಾರಗಟ್ಟಲೆ ಕೊಟ್ಟರೂ ಗುಣ ಕಾಣದೆ ಮನೋವೈದ್ಯರು ಇಸಿಟಿ, ಅಂದರೆ ಮಿದುಳಿಗೆ ಅಳತೆಯ ಕರೆಂಟ್ ಹರಿಸಿ ಫಿಟ್ಸ್ ಬರಿಸುವ ಚಿಕಿತ್ಸೆ, ಸೂಚಿಸಿದರು. ಭ್ರಮೆ ಬೆರೆತ ತೀವ್ರ ಖಿನ್ನತೆಯಲ್ಲಿ ಅದು ಔಷಧಿಗಿಂತ ಬೇಗ ಕೆಲಸ ಮಾಡುತ್ತದೆ. ನೀರು ಬಿಟ್ಟ ದೇಹ ಇನ್ನೊಂದು ಮಾತ್ರೆಗಾಗಿ ವಾರಗಳ ಕಾಲ ಕಾಯಲಾರದು.

“ನಾನೇ ಸಹಿ ಹಾಕ್ತೀನಿ ಮೇಡಂ. ಅಮ್ಮನಿಗೆ ಕರೆಂಟ್ ಅಂತ ಮಾತ್ರ ಹೇಳಬೇಡಿ,” ಎಂದ ಮಗ. ಅವನ ಕಣ್ಣ ಮುಂದಿದ್ದದ್ದು ಕೈಕಾಲು ಕಟ್ಟಿ, ಎಚ್ಚರವಿರುವಾಗಲೇ ಶಾಕ್ ಕೊಡುವ ಚಿತ್ರ. ನಡೆಯುವುದು ಹಾಗಲ್ಲ. ಖಾಲಿ ಹೊಟ್ಟೆಯಲ್ಲಿ ಕರೆದೊಯ್ದು ಅರಿವಳಿಕೆ ಕೊಡುತ್ತಾರೆ, ಆಮೇಲೆ ಸ್ನಾಯು ಸಡಿಲಿಸುವ ಔಷಧಿ. ಕರೆಂಟ್ ಹರಿಯುವುದು ಕೆಲವೇ ಸೆಕೆಂಡು. ಅದರಿಂದ ಮಿದುಳಿನಲ್ಲಿ ಏಳುವ ಫಿಟ್ಸ್ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಗುಣ ಕೊಡುವುದು ಆ ಫಿಟ್ಸೇ, ನೋವಲ್ಲ. ಕಣಕಾಲಿಗೆ ಬಿಪಿ ಪಟ್ಟಿ ಬಿಗಿದು ಸಡಿಲಿಕೆಯ ಔಷಧಿ ಪಾದಕ್ಕೆ ಇಳಿಯದಂತೆ ತಡೆದಿರುತ್ತಾರೆ. ದೇಹವೆಲ್ಲ ಹೆಚ್ಚುಕಡಿಮೆ ನಿಶ್ಚಲವಾಗಿದ್ದಾಗ ಪಾದದ ಅದುರುವಿಕೆ ನೋಡಿ ಫಿಟ್ಸ್ ಎಷ್ಟು ಹೊತ್ತು ಇತ್ತೆಂದು ಎಣಿಸುತ್ತಾರೆ.

ತಾಯಿಯನ್ನು ಕೇಳಿದಾಗ, “ಏನು ಬೇಕಾದರೂ ಮಾಡಿ, ನಾನು ಸತ್ತಾಗಿದೆ,” ಎಂದರು. ಮಗನಿಗೆ ಇದು ಒಪ್ಪಿಗೆಯಾಗಿ ಕೇಳಿಸಿತು. ಆದರೆ ಅಲ್ಲಿ ಮಾತಾಡಿದ್ದು ಕಾಯಿಲೆ. ಹೇಳಿದ್ದು ಅರ್ಥವಾಗಬೇಕು, ನಿರ್ಧರಿಸುವಷ್ಟು ಹೊತ್ತು ನೆನಪಿರಬೇಕು, ಒಳಿತು ಕೆಡುಕು ತೂಗಬೇಕು, ತೀರ್ಮಾನವನ್ನು ತಿಳಿಸಬೇಕು. ಈ ನಾಲ್ಕೂ ಇದ್ದರೆ ಮಾತ್ರ ಅದು ಒಪ್ಪಿಗೆ.

ಮರುದಿನ ಅವರಿಗೆ ಕೊಂಚ ಹಗುರವೆನಿಸುವ ಸಂಜೆಯ ಹೊತ್ತಿನಲ್ಲಿ, ಒಂದು ಸಲಕ್ಕೆ ಒಂದೇ ಸಂಗತಿ ಹೇಳಿ, ಅವರ ಮಾತಿನಲ್ಲೇ ತಿರುಗಿ ಹೇಳಿಸಲಾಯಿತು. ಆಗ ಬಂತು ಪ್ರಶ್ನೆ: “ಮೊಮ್ಮಗಳು ಮರೆತು ಹೋಗ್ತಾಳಾ?” ತೂಗುವ ಶಕ್ತಿ ಉಳಿದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿರಲಿಲ್ಲ.

ಉತ್ತರವನ್ನು ಸಿಹಿ ಮಾಡಲಿಲ್ಲ. ಮೊಮ್ಮಗಳನ್ನು ಮರೆಯುವ ಸಂಭವ ಬಹಳ ಕಡಿಮೆ. ಚಿಕಿತ್ಸೆಯ ದಿನಗಳ, ಅದರ ಹಿಂದಿನ ಕೆಲವು ತಿಂಗಳ ನೆನಪುಗಳು ಅಲ್ಲಲ್ಲಿ ಅಳಿಯಬಹುದು, ಕೆಲವು ಮರಳದೆಯೂ ಇರಬಹುದು. ಹೊಸದನ್ನು ನೆನಪಿಡುವ ಶಕ್ತಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. “ನೆನಪಿಗೆ ಏನೂ ಆಗಲ್ಲ” ಎನ್ನುವುದೂ “ಎಲ್ಲ ಅಳಿಸಿಹೋಗುತ್ತೆ” ಎನ್ನುವಷ್ಟೇ ಸುಳ್ಳು. ಎರಡನೇ ದಿನವೂ ಮನೋವೈದ್ಯರೆದುರು ಅದನ್ನೇ ತಿರುಗಿ ಹೇಳಿ, ತಾಯಿಯೇ ಸಹಿ ಹಾಕಿದರು. ಯಾವ ಹಂತದಲ್ಲೂ ಬೇಡವೆನ್ನಬಹುದು ಎಂದೂ ತಿಳಿಸಲಾಗಿತ್ತು. ತೂಗುವ ಶಕ್ತಿ ಇಲ್ಲದಿದ್ದರೆ, ಮಗನ ಸಹಿಯೊಂದೇ ಸಾಕೆಂದುಕೊಳ್ಳದೆ ಕಾನೂನು ಹೇಳುವ ದಾರಿ ಹಿಡಿಯಬೇಕಿತ್ತು.

ಮಗನಿಗೆ ಕೊಟ್ಟ ಸಲಹೆ: ಈ ತಿಂಗಳ ಮುಖ್ಯ ಸಂಗತಿಗಳನ್ನು ದಿನಾಂಕ ಹಾಕಿ ಬರೆದಿಡಿ. ನಿದ್ರೆ ಮಾತ್ರೆ ಕೊಡುತ್ತಿದ್ದರೆ ಮುಚ್ಚಿಡಬೇಡಿ; ಕೆಲವು ಬಗೆಯವು ಫಿಟ್ಸ್ ತಡೆದು ಚಿಕಿತ್ಸೆಯನ್ನೇ ನಿಷ್ಫಲ ಮಾಡಬಹುದು. ಎದ್ದ ಮೇಲಿನ ಗೊಂದಲ ಒಂದು ಗಂಟೆಯಲ್ಲಿ ಕಳೆಯುತ್ತದೋ, ಸಂಜೆವರೆಗೂ ಇರುತ್ತದೋ ಗಮನಿಸಿ.

ನಾಲ್ಕನೆಯ ಸಲದ ಚಿಕಿತ್ಸೆಯ ನಂತರ ಗೊಂದಲ ಸಂಜೆವರೆಗೂ ಇತ್ತು. ಅವನ ಟಿಪ್ಪಣಿ ನೋಡಿದ ವೈದ್ಯರು ವಾರಕ್ಕೆ ಮೂರಿದ್ದದ್ದನ್ನು ಎರಡಕ್ಕಿಳಿಸಿ, ತಲೆಯ ಎರಡೂ ಬದಿಯ ಬದಲು ಬಲಬದಿಗಷ್ಟೇ ಕೊಡಲಾರಂಭಿಸಿದರು. ಆರನೆಯದರ ಹೊತ್ತಿಗೆ ಆಕೆ ತಾವಾಗಿ ಊಟ ಕೇಳಿದರು. ಒಂಬತ್ತಕ್ಕೆ ನಿಲ್ಲಿಸಲಾಯಿತು. ಮರುಕಳಿಸದಂತೆ ಔಷಧಿ ಮುಂದುವರಿದಿದೆ. ಆಸ್ಪತ್ರೆಗೆ ಸೇರಿದ ದಿನ ಅವರಿಗೆ ಇಂದಿಗೂ ನೆನಪಿಲ್ಲ. ಮಗನ ಪುಸ್ತಕದಲ್ಲಿ ಓದಿಕೊಳ್ಳುತ್ತಾರೆ.